ಬಾಕ್ಸ್ ಫ್ಯಾನ್ ವಿಂಡ್ ಟನೆಲ್: ಹನಿ ಆಕಾರಕ್ಕೂ ಡ್ರ್ಯಾಗ್ ಇಷ್ಟೊಂದು ಯಾಕೆ ಬರ್ತಿದೆ?

ಮಂಡ್ಯ ಮೇಡಂ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸ್ ಮಕ್ಕಳ ಜೊತೆ ಸೇರಿ ಒಂದು ವಿಂಡ್ ಟನೆಲ್ ಕಟ್ಟಿದ್ದೇವೆ. ರಟ್ಟಿನ ಉದ್ದ ಪೆಟ್ಟಿಗೆ, ಒಳಗೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಒಂದು ತುದಿಗೆ ಪೇಪರ್ ಸ್ಟ್ರಾಗಳನ್ನು ಒತ್ತೊತ್ತಾಗಿ ಜೋಡಿಸಿದ್ದೇವೆ. ಇನ್ನೊಂದು ತುದಿಗೆ ಬಾಕ್ಸ್ ಫ್ಯಾನ್ ಇದೆ, ಅದು ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ನೋಡೋದಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದೇವೆ.

ಗಾಳಿ ಮಾದರಿಯನ್ನು ಹಿಂದಕ್ಕೆ ತಳ್ಳುವ ಬಲ, ಅಂದರೆ ಡ್ರ್ಯಾಗ್, ಅಳೆಯುವುದಕ್ಕೆ ಇಂಗ್ಲಿಷ್ L ಆಕಾರದ ಸನ್ನೆ ಮಾಡಿದ್ದೇವೆ. ಒಂದು ಪೆನ್ಸಿಲ್ ಪೆಟ್ಟಿಗೆಯ ತಳದ ಸೀಳಿನಿಂದ ಮೇಲಕ್ಕೆ ಹೋಗುತ್ತದೆ, ಅದರ ತುದಿಯಲ್ಲಿ ಮಾದರಿ. ಕೀಲಿನಿಂದ ಮಾದರಿಗೆ 15 ಸೆಂ.ಮೀ. ಕೆಳಗಿನ ಅಡ್ಡ ತೋಳೂ 15 ಸೆಂ.ಮೀ., ಅದು 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿಯನ್ನು ಒತ್ತುತ್ತದೆ.

ಮೂರು ಮಾದರಿಗಳು, ಮೂರಕ್ಕೂ ಅಗಲ 6 ಸೆಂ.ಮೀ. ರಟ್ಟಿನ ದುಂಡು ಬಿಲ್ಲೆಗೆ 3.3 ಗ್ರಾಂ ಬಂತು. ಥರ್ಮೋಕೋಲ್ ಚೆಂಡಿಗೆ 1.6. ಥರ್ಮೋಕೋಲನ್ನೇ ಉಜ್ಜಿ ಮಾಡಿದ 18 ಸೆಂ.ಮೀ. ಉದ್ದದ ಹನಿ ಆಕಾರಕ್ಕೆ 0.8. ಯಾವ ಆಕಾರಕ್ಕೆ ಎಷ್ಟು ಡ್ರ್ಯಾಗ್ ಅಂತ ಹೇಳುವ ಸಂಖ್ಯೆ ಡ್ರ್ಯಾಗ್ ಕೋಎಫಿಶಿಯಂಟ್, ಪುಸ್ತಕದಲ್ಲಿ ಅದು ಚೆಂಡಿಗೆ 0.47, ಹನಿಗೆ 0.04 ಅಂತ ಇದೆ. ಅಂದರೆ ಹನ್ನೆರಡು ಪಟ್ಟು ಕಡಿಮೆ ಬರಬೇಕಿತ್ತು. ನಮಗೆ ಬಂದಿದ್ದು ಬರೀ ಅರ್ಧ. ಮಕ್ಕಳು "ಪುಸ್ತಕ ತಪ್ಪಾ ಮಿಸ್?" ಅಂತ ಕೇಳುತ್ತಿದ್ದಾರೆ. ಎಲ್ಲಿ ನೋಡಬೇಕು ಹೇಳಿ.

ಏರೋ ಹುಡುಗ

ಮೇಡಂ, ಹನಿಯ ಚೂಪು ಬದಿ ಗಾಳಿಗೆ ಎದುರು ಇದೆಯಾ? ದುಂಡು ಬದಿ ಮುಂದೆ, ಚೂಪು ಬದಿ ಹಿಂದೆ ಇರಬೇಕು. ಇನ್ನೊಂದು ವಿಷಯ, ಫ್ಯಾನ್ ಎಳೆಯೋ ಬದಲು ಊದೋ ಹಾಗೆ ತಿರುಗಿಸಿ. ಮುಂದೆ ಸ್ಟ್ರಾ ಇರೋದರಿಂದ ಗಾಳಿ ಹೇಗೂ ನೇರ ಆಗುತ್ತೆ. ಸ್ಪೀಡೂ ಜಾಸ್ತಿ ಸಿಗುತ್ತೆ. 1901ರಲ್ಲಿ ರೈಟ್ ಸಹೋದರರು ಮಾಡಿದ ಟನೆಲ್‌ನಲ್ಲೂ ಫ್ಯಾನ್ ಊದುತ್ತಿತ್ತು, ಎಳೆಯುತ್ತಿರಲಿಲ್ಲ.

ಹಳೇ ಫಿಟ್ಟರ್, ಮೈಸೂರು

ಮೇಡಂ, ಫ್ಯಾನ್ ಇದ್ದ ಹಾಗೇ ಇರಲಿ, ತಿರುಗಿಸಬೇಡಿ. ಏರೋ ಹುಡುಗ ಹೇಳಿದ್ದು ಅರ್ಧ ಸರಿ. ರೈಟ್ ಸಹೋದರರು ಊದಿಸಿದ್ದು ನಿಜ. ಸ್ಟ್ರಾ ಗಾಳಿಯ ಸುತ್ತು ನಿಲ್ಲಿಸುತ್ತದೆ ಅನ್ನೋದೂ ನಿಜ. ಆದರೆ ಗಾಳಿಯ ವೇಗ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇದ್ದರೆ ಅದನ್ನು ಸ್ಟ್ರಾ ಸರಿ ಮಾಡಲ್ಲ. ಒಂದೊಂದು ಸ್ಟ್ರಾದಲ್ಲಿ ಎಷ್ಟು ಗಾಳಿ ಹೋಗುತ್ತದೋ ಅಷ್ಟೇ ಆಚೆ ಬರುತ್ತದೆ. ಬಾಕ್ಸ್ ಫ್ಯಾನ್ ನಡುವೆ ಮೋಟಾರ್ ಇರುತ್ತದೆ, ಅಲ್ಲಿ ಗಾಳಿಯೇ ಇಲ್ಲ. ಊದಿಸಿದರೆ ಆ ಸತ್ತ ಜಾಗ ಸ್ಟ್ರಾ ದಾಟಿ ಬಂದು ಸರಿಯಾಗಿ ನಿಮ್ಮ ಮಾದರಿ ಇರೋ ಕಡೆಯೇ ಬೀಳುತ್ತದೆ. ಎಳೆಸಿದರೆ ಫ್ಯಾನಿನ ಗಲಾಟೆಯೆಲ್ಲ ಮಾದರಿ ದಾಟಿದ ಮೇಲೆ.

ಅನುಮಾನ ಇದ್ದರೆ ಒಂದು ಊದಿನಕಡ್ಡಿ ಹಚ್ಚಿ ಸ್ಟ್ರಾಗಳ ಬಾಯಿ ಮುಂದೆ ಹಿಡಿಯಿರಿ. ಫ್ಯಾನ್ ನಿಧಾನಕ್ಕೆ ಇಟ್ಟುಕೊಳ್ಳಿ. ಹೊಗೆ ದಾರದ ಹಾಗೆ ನೇರವಾಗಿ ಮಾದರಿ ತನಕ ಬಂದರೆ ನಿಮ್ಮ ಗಾಳಿ ಚೆನ್ನಾಗಿದೆ. ಮಾದರಿಗೆ ಮುಂಚೆಯೇ ಹರಡಿ ಮಸುಕಾದರೆ ಸ್ಟ್ರಾಗಳ ನಡುವೆ ಎಲ್ಲೋ ಸಂದು ಇದೆ, ಇಲ್ಲಾ ಪೆಟ್ಟಿಗೆಯ ಅಂಟು ಬಿಟ್ಟಿದೆ.

ನನ್ನ ಅನುಮಾನ ಪೆನ್ಸಿಲ್ ಮೇಲೆ. ಮಾದರಿ ತೆಗೆದು ಬರೀ ಪೆನ್ಸಿಲ್ ಇಟ್ಟು ಅದೇ ಸ್ಪೀಡಿನಲ್ಲಿ ಅಳೆಯಿರಿ. ಎಷ್ಟು ಬಂತು ಹೇಳಿ, ಆಮೇಲೆ ಮಾತಾಡೋಣ.

ಆಲೆಮನೆ ಗೌಡ್ರು

ನಮ್ಮದು ಮದ್ದೂರು ಕಡೆ ಆಲೆಮನೆ. ಒಲೆಗೆ ಗಾಳಿ ಊದೋಕೆ ಬ್ಲೋವರ್ ಇದೆ. ಅದರ ಬಾಯಿಗೆ ಹಿಂಗೆ ಪೈಪ್ ತುಂಡುಗಳನ್ನ ಜೋಡಿಸಿದ್ರೆ ಗಾಳಿ ಜೋರಾಗತ್ತಾ? ಕಬ್ಬಿನ ರಚ್ಚು ಹಸಿ ಇದ್ದಾಗ ಉರಿ ಸರಿಯಾಗಿ ಏಳಲ್ಲ.

ಹಳೇ ಫಿಟ್ಟರ್, ಮೈಸೂರು

ಇಲ್ಲ ಗೌಡ್ರೇ, ಕಡಿಮೆಯಾಗುತ್ತದೆ. ಸಣ್ಣ ಪೈಪಿನ ಗೋಡೆಗೆಲ್ಲ ಉಜ್ಜಿಕೊಂಡು ಹೋಗುವಾಗ ಗಾಳಿ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ. ಇಲ್ಲಿ ಮೇಡಂಗೆ ಬೇಕಿರುವುದು ನೇರ ಗಾಳಿ, ಜೋರು ಗಾಳಿ ಅಲ್ಲ. ನಿಮಗೆ ಜೋರು ಬೇಕು. ಬ್ಲೋವರ್ ರೆಕ್ಕೆಯಲ್ಲಿ ಬೂದಿ, ಜಿಡ್ಡು ಕೂತಿದೆಯಾ ಅಂತ ಮೊದಲು ನೋಡಿ.

ಮಂಡ್ಯ ಮೇಡಂ

ಹನಿಯ ದುಂಡು ಬದಿಯೇ ಗಾಳಿಗೆ ಎದುರು ಇದೆ. ಊದಿನಕಡ್ಡಿ ಹೊಗೆ ನಡುಭಾಗದಲ್ಲಿ ನೇರವಾಗಿ ಬರುತ್ತದೆ. ಮೂಲೆಗಳಲ್ಲಿ ಮಾತ್ರ ಸ್ವಲ್ಪ ಅಲ್ಲಾಡುತ್ತದೆ.

ಬರೀ ಪೆನ್ಸಿಲ್‌ಗೆ 0.45 ಗ್ರಾಂ ಬಂತು ಸರ್. ಅಂದರೆ ಹನಿಗೆ ಬಂದಿದ್ದ 0.8ರಲ್ಲಿ ಅರ್ಧಕ್ಕಿಂತ ಜಾಸ್ತಿ ಪೆನ್ಸಿಲ್‌ದೇ!

ಹಳೇ ಫಿಟ್ಟರ್, ಮೈಸೂರು

ಈಗ ಕಳೆದು ನೋಡಿ. ಬಿಲ್ಲೆ 2.85, ಚೆಂಡು 1.15, ಹನಿ 0.35. ಇನ್ನು ವೇಗ ಅಳೆಯೋ ಗೋಜಿಗೇ ಹೋಗಬೇಡಿ. ಅಂಚು ಚೂಪಾಗಿರುವ ದುಂಡು ಬಿಲ್ಲೆಗೆ ಕೋಎಫಿಶಿಯಂಟ್ 1.17ರ ಹತ್ತಿರ ಅಂತ ಚೆನ್ನಾಗಿ ಗೊತ್ತಿದೆ. ನಿಮ್ಮ ವೇಗದಲ್ಲಿ ಅದು ಹೆಚ್ಚು ಬದಲಾಗಲ್ಲ, ಯಾಕೆಂದರೆ ಗಾಳಿ ಯಾವಾಗಲೂ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬಿಲ್ಲೆಯನ್ನೇ ಅಳತೆಗೋಲು ಮಾಡಿಕೊಳ್ಳಿ. ಎಲ್ಲ ಮಾದರಿಗೂ ಅಗಲ ಒಂದೇ ಆದ್ದರಿಂದ ಲೆಕ್ಕ ಸುಲಭ:

```
Cd = 1.17 × (ಮಾದರಿ − ಕಡ್ಡಿ) ÷ (ಬಿಲ್ಲೆ − ಕಡ್ಡಿ)
ಚೆಂಡು: 1.17 × 1.15 ÷ 2.85 = 0.47
ಹನಿ:   1.17 × 0.35 ÷ 2.85 = 0.14
```

ಚೆಂಡು ಪುಸ್ತಕದ ಲೆಕ್ಕಕ್ಕೇ ಬಂತು ನೋಡಿ. ಇದರಲ್ಲಿ ಗಾಳಿಯ ವೇಗ, ಗಾಳಿಯ ಸಾಂದ್ರತೆ, ಸನ್ನೆಯ ಉದ್ದ ಎಲ್ಲವೂ ಮೇಲೆ ಕೆಳಗೆ ಹೊಡೆದುಹೋಗುತ್ತವೆ. ರೈಟ್ ಸಹೋದರರ ಜಾಣತನ ಇದ್ದದ್ದೂ ಇಲ್ಲೇ. ಅವರ ತಕ್ಕಡಿ ರೆಕ್ಕೆಯ ಬಲವನ್ನು ಚಪ್ಪಟೆ ಪಟ್ಟಿಗಳ ಮೇಲಿನ ಬಲದ ಜೊತೆ ಹೋಲಿಸುತ್ತಿತ್ತು, ಹಾಗಾಗಿ ಗಾಳಿಯ ವೇಗ ಸ್ವಲ್ಪ ಏರಿಳಿದರೂ ಉತ್ತರ ಕೆಡುತ್ತಿರಲಿಲ್ಲ. ಆ ತಕ್ಕಡಿ ಮಾಡಿದ್ದು ಹಳೇ ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಸ್ಪೋಕ್ ತಂತಿಯಿಂದ.

ಏರೋ ಹುಡುಗ

ವೇಗ ಬೇಕೇ ಬೇಕು ಸರ್. ಗಾಳಿಯ ಒತ್ತಡ ಹಿಡಿಯೋ ಪಿಟೊ ಟ್ಯೂಬ್ ಇಟ್ಟು U ಆಕಾರದ ನೀರಿನ ನಳಿಕೆ ಹಾಕಿದರೆ ಸುಲಭವಾಗಿ ಸಿಗುತ್ತೆ. ಕಾಲೇಜ್ ಲ್ಯಾಬ್‌ನಲ್ಲಿ ನಾವು ಹಾಗೇ ಮಾಡಿದ್ದು.

ಹಳೇ ಫಿಟ್ಟರ್, ಮೈಸೂರು

ನಿಮ್ಮ ಲ್ಯಾಬಿನ ಟನೆಲ್ ಇದಕ್ಕಿಂತ ತುಂಬಾ ಜೋರು ಇರುತ್ತದೆ ಕಣಪ್ಪ. ಇಲ್ಲಿ ಬಿಲ್ಲೆಯ ಬಲದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 4 ಮೀಟರ್ ಆಸುಪಾಸು ಬರುತ್ತದೆ. ಆ ಗಾಳಿಯ ಒತ್ತಡ ನೀರನ್ನು ಒಂದು ಮಿಲಿಮೀಟರ್ ಕೂಡ ಎತ್ತಲ್ಲ. ನಳಿಕೆಯನ್ನು ತೀರಾ ವಾಲಿಸಿ ಇಟ್ಟರೆ ಓದಬಹುದು, ಆದರೆ ಅದೇ ಇನ್ನೊಂದು ಪ್ರಾಜೆಕ್ಟ್ ಆಗುತ್ತದೆ. ಲೆಕ್ಕ ಹಾಕುವಾಗ ಒಂದು ನೆನಪಿಡಿ, ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಗಾಳಿ ಘನ ಮೀಟರಿಗೆ 1.2 ಕೆ.ಜಿ. ತೂಗಲ್ಲ, 1.1ರ ಹತ್ತಿರ ತೂಗುತ್ತದೆ. ಮಂಡ್ಯದಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ.

ಮಂಡ್ಯ ಮೇಡಂ

ಚೆಂಡಿಗೆ 0.47 ಬಂದಿದ್ದಕ್ಕೆ ಮಕ್ಕಳು ಕುಣಿದಾಡಿದರು. ಆದರೆ ಹನಿಗೆ 0.14, ಪುಸ್ತಕದಲ್ಲಿ 0.04. ಇನ್ನೂ ಮೂರೂವರೆ ಪಟ್ಟು ಜಾಸ್ತಿ ಇದೆಯಲ್ಲ ಸರ್. ಥರ್ಮೋಕೋಲ್ ತರಿ ತರಿಯಾಗಿದೆ ಅಂತಲಾ?

ಫಿಸಿಕ್ಸ್ ಲೆಕ್ಚರರ್

ತರಿ ಕಾರಣ ಇರಲಾರದು. ಪುಸ್ತಕದ 0.04 ದೊಡ್ಡ ವಸ್ತು, ಜೋರು ಗಾಳಿಯ ಸಂಖ್ಯೆ. ನಿಮ್ಮದು ಚಿಕ್ಕ ಹನಿ, ನಿಧಾನ ಗಾಳಿ.

ಚೆಂಡಿನ ಹಿಂದೆ ಗಾಳಿ ಒಡೆದು ಸುಳಿ ಏಳುತ್ತದೆ, ಡ್ರ್ಯಾಗ್ ಹೆಚ್ಚಾಗಿ ಅಲ್ಲಿಂದಲೇ. ಹನಿಯ ಬಾಲ ಆ ಸುಳಿಯನ್ನು ತಪ್ಪಿಸುತ್ತದೆ. ಉಳಿಯುವುದು ಗಾಳಿ ಮೈಗೆ ಅಂಟಿ ಎಳೆಯುವ ಎಳೆತ. ಹನಿಯ ಮೈ ಉದ್ದ, ಹಾಗಾಗಿ ಅಂಟಲು ಜಾಗವೂ ಜಾಸ್ತಿ. ನಿಧಾನ ಗಾಳಿಯಲ್ಲಿ ಈ ಅಂಟಿನ ಪಾಲು ಏರುತ್ತದೆ. ವಸ್ತುವಿನ ಗಾತ್ರ, ಗಾಳಿಯ ವೇಗ ಮತ್ತು ಗಾಳಿಯ ಅಂಟು ಸೇರಿಸಿ ಹೇಳುವ ರೇನಾಲ್ಡ್ಸ್ ಸಂಖ್ಯೆ ನಿಮ್ಮ ಮಾದರಿಯ ಅಗಲಕ್ಕೆ 14,000ದ ಸುತ್ತ ಇದೆ. ಈ ಮಟ್ಟದಲ್ಲಿ ಎಷ್ಟು ನುಣುಪಾದ ಹನಿ ಮಾಡಿದರೂ ಬರೀ ಮೈ ಎಳೆತವೇ 0.06 ಆಗುತ್ತದೆ. ಅದರ ಮೇಲೆ ಬಾಲದ ಹತ್ತಿರ ಗಾಳಿ ಸ್ವಲ್ಪ ಮುಂಚೆಯೇ ಬಿಟ್ಟುಕೊಳ್ಳುತ್ತದೆ, ಯಾಕೆಂದರೆ ನಿಧಾನ ಗಾಳಿಗೆ ಬಾಲದ ಇಳಿಜಾರಿನಲ್ಲಿ ಮೈಗೆ ಅಂಟಿಕೊಂಡು ಹೋಗುವ ಕಸುವು ಇಲ್ಲ. ಎಲ್ಲ ಸೇರಿ 0.1ಕ್ಕಿಂತ ಮೇಲೆ ಬಂದರೆ ಅಚ್ಚರಿಯಿಲ್ಲ. ಪುಸ್ತಕವೂ ಸರಿ, ನಿಮ್ಮ ಅಳತೆಯೂ ಸರಿ ಇರಬಹುದು.

"ಇರಬಹುದು" ಅಂದಿದ್ದು ಬೇಕಂತಲೇ. 0.8ರಲ್ಲಿ 0.45 ಕಳೆದು 0.35 ಅಂದಿರಿ. ತಕ್ಕಡಿಯ ಅಂಕಿ ನಿಂತಲ್ಲಿ ನಿಲ್ಲುತ್ತಾ?

ಮಂಡ್ಯ ಮೇಡಂ

ಇಲ್ಲ ಸರ್. 0.1ರಷ್ಟು ಆ ಕಡೆ ಈ ಕಡೆ ಆಡುತ್ತಲೇ ಇರುತ್ತದೆ. ನಾವು ನಡುವಿನ ಅಂಕಿ ಬರೆದುಕೊಂಡಿದ್ದು. ಸಂಜೆ ಹೊತ್ತು ಕರೆಂಟ್ ಡಿಮ್ ಆದಾಗ ಎಲ್ಲವೂ ಕಡಿಮೆ ಬರುತ್ತವೆ.

ಫಿಸಿಕ್ಸ್ ಲೆಕ್ಚರರ್

ಹಾಗಾದರೆ ನಿಮ್ಮ ಹನಿ 0.10 ಕೂಡ ಇರಬಹುದು, 0.18 ಕೂಡ ಇರಬಹುದು. ಚೆಂಡಿಗೆ ಈ ಅಲುಗಾಟ ಅಷ್ಟು ತೊಂದರೆ ಕೊಡಲ್ಲ, ಹನಿಗೆ ಕೊಡುತ್ತದೆ. ದೊಡ್ಡದರಿಂದ ದೊಡ್ಡದನ್ನು ಕಳೆದು ಚಿಕ್ಕದನ್ನು ಹುಡುಕುವಾಗ ಹೀಗೇ ಆಗೋದು. ಪೆನ್ಸಿಲ್ ತೆಗೆಯಲೇಬೇಕು.

ಹಳೇ ಫಿಟ್ಟರ್, ಮೈಸೂರು

ಸರಿಯಾಗಿ ಹೇಳಿದಿರಿ ಸರ್. ಮೇಡಂ, ಪೆನ್ಸಿಲ್ 7 ಮಿ.ಮೀ. ದಪ್ಪ. ಅದರ ಬದಲು ಸೈಕಲ್ ಸ್ಪೋಕ್ ಹಾಕಿ, 2 ಮಿ.ಮೀ. ಅಷ್ಟೇ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೇದು ಸುಮ್ನೆ ಕೊಡುತ್ತಾರೆ. ತಲೆ ಬದಿ ಕತ್ತರಿಸಿ ನೇರ ಭಾಗ ಮಾತ್ರ ಬಳಸಿ. ಕೆಳಗಿನ ಅಡ್ಡ ತೋಳನ್ನು 15ರಿಂದ 5 ಸೆಂ.ಮೀ.ಗೆ ಇಳಿಸಿ. ಆಗ ಮಾದರಿ ಮೇಲಿನ ಒಂದು ಗ್ರಾಂ ತಕ್ಕಡಿಯಲ್ಲಿ ಮೂರು ಗ್ರಾಂ ಆಗಿ ಕಾಣುತ್ತದೆ. ತೋಳು ಗಾಳಿ ಹೋಗುವ ದಿಕ್ಕಿಗೇ ಇರಲಿ, ಆಗಲೇ ಅದು ಕೆಳಕ್ಕೆ ಒತ್ತುವುದು.

ಅಲುಗಾಟಕ್ಕೆ ಎಣ್ಣೆ ಮದ್ದು. ತೋಳಿಗೆ ಒಂದು ತಗಡಿನ ತುಂಡು ಕಟ್ಟಿ, ಅದನ್ನು ಚಿಕ್ಕ ಬಟ್ಟಲಿನ ಹರಳೆಣ್ಣೆಯಲ್ಲಿ ಅರ್ಧ ಮುಳುಗಿಸಿ. ತಗಡು ಬಟ್ಟಲಿಗೆ ತಾಗಬಾರದು. ಹರಳೆಣ್ಣೆ ಮಂದ, ಅದು ಬೇಗ ಬೇಗ ಆಗುವ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ನಿಧಾನಕ್ಕೆ ಒತ್ತುವ ಬಲಕ್ಕೆ ಅಡ್ಡ ಬರಲ್ಲ. ಬಟ್ಟಲು ತಕ್ಕಡಿ ಮೇಲೆ ಬೇಡ, ಪಕ್ಕದಲ್ಲಿರಲಿ. ಫ್ಯಾನ್ ಒಂದು ಮೇಜಿನ ಮೇಲೆ, ತಕ್ಕಡಿ ಇನ್ನೊಂದರ ಮೇಲೆ ಇರಬೇಕು. ಫ್ಯಾನಿಗೂ ಪೆಟ್ಟಿಗೆಗೂ ನಡುವೆ ಸ್ಪಂಜ್ ಇಡಿ.

ಇನ್ನೊಂದು ಮುಖ್ಯ ವಿಷಯ. ಈ ಪಾಕೆಟ್ ತಕ್ಕಡಿಗಳಲ್ಲಿ ಸೊನ್ನೆಯ ಹತ್ತಿರದ ಚಿಕ್ಕ ಬದಲಾವಣೆಯನ್ನು ಯಂತ್ರವೇ ನುಂಗಿ ಮತ್ತೆ ಸೊನ್ನೆ ತೋರಿಸುವ ವ್ಯವಸ್ಥೆ ಇರುತ್ತದೆ. ಚಿನ್ನ ತೂಗುವವರಿಗೆ ಅದು ಅನುಕೂಲ, ನಿಮಗೆ ಅಪಾಯ. ಫ್ಯಾನ್ ನಿಧಾನಕ್ಕೆ ಶುರುವಾದರೆ ಮೊದಲ ಸ್ವಲ್ಪ ಬಲ ಮಾಯ. ಅದಕ್ಕೆ ತಕ್ಕಡಿ ಮೇಲೆ ಒಂದು ನಾಣ್ಯ ಇಟ್ಟೇ ಬಿಡಿ, ಸೊನ್ನೆ ಗುಂಡಿ ಒತ್ತಬೇಡಿ. ಫ್ಯಾನ್ ಇಲ್ಲದಾಗಿನ ಅಂಕಿ ಬರೆದುಕೊಂಡು ಆಮೇಲೆ ಕಳೆಯಿರಿ.

ಕರೆಂಟ್ ವಿಷಯ. ವೇಗ ಹತ್ತು ಪಾಲಿನಲ್ಲಿ ಒಂದು ಪಾಲು ಇಳಿದರೆ ಬಲ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಪ್ರತಿ ಮಾದರಿಗೂ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಬಿಲ್ಲೆ ಅಳೆಯಿರಿ. ಎರಡು ಬಿಲ್ಲೆ ಅಂಕಿ ಹೊಂದದಿದ್ದರೆ ನಡುವಿನ ಅಳತೆ ಬಿಟ್ಟುಬಿಡಿ.

ಕುವೆಂಪುನಗರ ಅಪ್ಪ

ನನ್ನ ಮಗಳದ್ದೂ ಇದೇ ಪ್ರಾಜೆಕ್ಟ್. ಗಾಲ್ಫ್ ಚೆಂಡಿನಲ್ಲಿ ಗುಳಿ ಇರುತ್ತಲ್ಲ, ಅದರಿಂದ ಡ್ರ್ಯಾಗ್ ಕಡಿಮೆ ಆಗುತ್ತೆ ಅಂತ ತೋರಿಸಬೇಕು ಅಂತಾಳೆ. ಗುಳಿ ಇರೋದಕ್ಕೂ ಇಲ್ಲದಕ್ಕೂ ಒಂದೇ ಬರ್ತಿದೆ. ಸ್ಟ್ರಾ ಬೇರೆ ಸಾವಿರಾರು ಬೇಕಾಯ್ತು. ಪ್ಲಾಸ್ಟಿಕ್ ಸ್ಟ್ರಾ 2022ರಿಂದ ನಿಷೇಧ, ಪೇಪರ್‌ದೇ ತಂದೆವು.

ಫಿಸಿಕ್ಸ್ ಲೆಕ್ಚರರ್

ಒಂದೇ ಬರಬೇಕು, ಸರಿಯಾಗಿಯೇ ಇದೆ. ಗುಳಿ ಕೆಲಸ ಮಾಡಲು ಗಾಳಿಗೆ ಒಂದು ಮಟ್ಟದ ಜೋರು ಬೇಕು. ಗಾಲ್ಫ್ ಚೆಂಡಿಗೆ ಅದು ಸೆಕೆಂಡಿಗೆ ಸುಮಾರು 16 ಮೀಟರ್ ಆಸುಪಾಸು ಶುರು. ಬಾಕ್ಸ್ ಫ್ಯಾನ್ ಅದರ ಕಾಲು ಭಾಗ ಕೊಡುತ್ತದೆ. ಮಗಳಿಗೆ ಹೇಳಿ, "ಈ ವೇಗದಲ್ಲಿ ಗುಳಿಯಿಂದ ಲಾಭವಿಲ್ಲ" ಅನ್ನೋದೂ ಒಂದು ಫಲಿತಾಂಶವೇ, ಅದನ್ನೇ ಬರೆಯಲಿ.

ಹಳೇ ಫಿಟ್ಟರ್, ಮೈಸೂರು

ಸ್ಟ್ರಾ ಇಡೀ ಉದ್ದ ಹಾಕಿದಿರಾ? ಬೇಕಿಲ್ಲ. ಉದ್ದ ದಪ್ಪದ ಎಂಟು ಪಟ್ಟು ಇದ್ದರೆ ಸಾಕು. 6 ಮಿ.ಮೀ. ಸ್ಟ್ರಾಗೆ 5 ಸೆಂ.ಮೀ. ಒಂದು ಸ್ಟ್ರಾದಲ್ಲಿ ನಾಲ್ಕು ತುಂಡು. 30ಕ್ಕೆ 30 ಪೆಟ್ಟಿಗೆ ತುಂಬಲು 2,800ರ ಹತ್ತಿರ ತುಂಡು ಬೇಕು, ಅಂದರೆ 700 ಸ್ಟ್ರಾ. ಉದ್ದ ಜಾಸ್ತಿ ಇದ್ದಷ್ಟೂ ಗಾಳಿ ಸುಮ್ನೆ ನಿಧಾನ ಆಗುತ್ತದೆ.

ಕತ್ತರಿಯಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಒಂದು ಹಿಡಿ ಸ್ಟ್ರಾ ಒಟ್ಟಿಗೆ ಹಿಡಿದು, ಕತ್ತರಿಸೋ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ, ಟೇಪಿನ ಮೇಲೇ ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕೊಯ್ಯಿರಿ. ಒತ್ತಬೇಡಿ, ಗರಗಸವೇ ತನ್ನ ಪಾಡಿಗೆ ಇಳಿಯಲಿ. ಬಾಯಿ ದುಂಡಗೇ ಉಳಿಯುತ್ತದೆ. ಅಂಚಿನಲ್ಲಿ ನಾರು ಎದ್ದಿದ್ದರೆ ಸ್ಯಾಂಡ್ ಪೇಪರ್ ಮೇಲೆ ಇಡೀ ಕಟ್ಟನ್ನು ಉಜ್ಜಿ.

ಮಂಡ್ಯ ಮೇಡಂ

ಹೇಳಿದ ಹಾಗೆ ಮಾಡಿದೆವು. ಸ್ಪೋಕ್, ಚಿಕ್ಕ ತೋಳು, ಹರಳೆಣ್ಣೆ ಬಟ್ಟಲು, ನಾಣ್ಯ ಎಲ್ಲ. ಅಂಕಿ ಈಗಲೂ 0.1 ಆಡುತ್ತದೆ, ಆದರೆ ಬಲವೇ ಮೂರು ಪಟ್ಟು ಕಾಣುತ್ತಿದೆಯಲ್ಲ. ಬರೀ ಸ್ಪೋಕ್ 0.2. ಬಿಲ್ಲೆ 8.6, ಚೆಂಡು 3.5, ಹನಿ 1.2. ಕಳೆದರೆ 8.4, 3.3, 1.0. ಮಕ್ಕಳೇ ಲೆಕ್ಕ ಹಾಕಿದರು, ಚೆಂಡಿಗೆ 0.46, ಹನಿಗೆ 0.14. ಹಿಂದಿನ ಉತ್ತರವೇ ಬಂತು, ಆದರೆ ಈಗ ನಂಬಿಕೆ ಇದೆ. ಹನಿ ಬಾಲವನ್ನು ಸ್ವಲ್ಪ ಓರೆ ಮಾಡಿಟ್ಟರೆ ಅಂಕಿ ಏರೋದೂ ಕಾಣುತ್ತದೆ.

ಏರೋ ಹುಡುಗ

ಸೂಪರ್ ಮೇಡಂ! ಒಂದು ಅನುಮಾನ. ಪೆಟ್ಟಿಗೆ ಚಿಕ್ಕದು, ಬಿಲ್ಲೆ ಅದರ 3 ಶೇಕಡಾ ಜಾಗ ಮುಚ್ಚುತ್ತೆ. ಗಾಳಿ ಪಕ್ಕದಲ್ಲಿ ಹಿಂಡಿಕೊಂಡು ಜೋರಾಗಿ ಹೋಗುತ್ತೆ ಅಲ್ವಾ? ಆಗ ಬಿಲ್ಲೆ ಇರಬೇಕಾದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಉಳಿದದ್ದೆಲ್ಲ ಕಡಿಮೆ ಬರಬೇಕು. 5 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಆದರೂ.

ಹಳೇ ಫಿಟ್ಟರ್, ಮೈಸೂರು

ಒಳ್ಳೇ ಅನುಮಾನ ಕಣಪ್ಪ. 5 ಶೇಕಡಾ ಅನ್ನೋದು ಸಾಮಾನ್ಯ ಅಂದಾಜು. ಬಿಲ್ಲೆಯ ಹಿಂದಿನ ಸುಳಿ ಬಿಲ್ಲೆಗಿಂತ ಅಗಲ ಇರೋದರಿಂದ ಅದಕ್ಕೆ ಗೋಡೆಯ ಹಿಡಿತ ಬೇಗ ತಟ್ಟುತ್ತದೆ. ಮೇಡಂ, 4 ಮತ್ತು 8 ಸೆಂ.ಮೀ. ಬಿಲ್ಲೆಗಳನ್ನೂ ಮಾಡಿ ಅಳೆಯಿರಿ. ಬಲವನ್ನು ಬಿಲ್ಲೆಯ ವಿಸ್ತೀರ್ಣದಿಂದ ಭಾಗಿಸಿ. ಮೂರಕ್ಕೂ ಒಂದೇ ಬಂದರೆ ಗೋಡೆಯ ಕಾಟ ಇಲ್ಲ. ದೊಡ್ಡದಾದ ಹಾಗೆ ಏರಿದರೆ ಇದೆ.

ಮಂಡ್ಯ ಮೇಡಂ

ಸ್ಪೋಕ್ ಕಳೆದು ಬಂದದ್ದು: 4 ಸೆಂ.ಮೀ.ಗೆ 3.6, 6 ಸೆಂ.ಮೀ.ಗೆ 8.4, 8 ಸೆಂ.ಮೀ.ಗೆ 16.2. ಪ್ರತಿ ಚದರ ಸೆಂ.ಮೀ.ಗೆ ಕ್ರಮವಾಗಿ 0.286, 0.297, 0.322.

ಫಿಸಿಕ್ಸ್ ಲೆಕ್ಚರರ್

8 ಸೆಂ.ಮೀ. ಬಿಲ್ಲೆ ಖಂಡಿತ ಗೋಡೆಯ ಪ್ರಭಾವದಲ್ಲಿದೆ, ಹನ್ನೆರಡು ಶೇಕಡಾ ಏರಿದೆ. 4ಕ್ಕೂ 6ಕ್ಕೂ ನಡುವೆ ನಾಲ್ಕು ಶೇಕಡಾ ವ್ಯತ್ಯಾಸ. ಆದರೆ 3.6ರಲ್ಲಿ ನಿಮ್ಮ 0.1 ಅಲುಗಾಟವೇ ಮೂರು ಶೇಕಡಾ ಆಗುತ್ತದೆ. ಹಾಗಾಗಿ ಆ ನಾಲ್ಕು ನಿಜವೋ ಅಲುಗಾಟವೋ ಈ ಅಳತೆಯಲ್ಲಿ ಹೇಳೋಕಾಗಲ್ಲ. ನಿಜವಾದರೆ ನಿಮ್ಮ ಚೆಂಡಿನ 0.46 ಸ್ವಲ್ಪ ಮೇಲಕ್ಕೆ ಹೋಗುತ್ತದೆ.

ಹಳೇ ಫಿಟ್ಟರ್, ಮೈಸೂರು

ನನಗೆ ಅದು ನಿಜ ಅಂತಲೇ ಅನಿಸುತ್ತದೆ ಸರ್, ಮೂರೂ ಒಂದೇ ದಿಕ್ಕಿಗೆ ಏರಿವೆ. ಮೇಡಂ, 4 ಸೆಂ.ಮೀ. ಚೆಂಡು, ಹನಿ ಮಾಡಿ, ತೋಳನ್ನು 3 ಸೆಂ.ಮೀ.ಗೆ ಇಳಿಸಿ ನೋಡಿ. ಅಷ್ಟು ಚಿಕ್ಕ ತೋಳಿನಲ್ಲಿ ಕೀಲು ಬಿಗಿಯಾಗಿದ್ದರೆ ಅಂಕಿ ಅಂಟಿಕೊಳ್ಳುತ್ತದೆ. ಕೀಲಿಗೆ ಮೊಳೆ ಬೇಡ, ಎರಡು ಬ್ಲೇಡಿನ ಅಂಚಿನ ಮೇಲೆ ಕೂರಿಸಿ. ಮಕ್ಕಳ ಕೈಗೆ ಬ್ಲೇಡ್ ಕೊಡಬೇಡಿ.

ಮಂಡ್ಯ ಮೇಡಂ

ಆಯ್ತು ಸರ್. ಬೆಳಿಗ್ಗೆ ಹೊತ್ತು ಮಾಡ್ತೇವೆ, ಆಗ ಕರೆಂಟ್ ಸ್ಥಿರವಾಗಿರುತ್ತದೆ.